ಬದನೆ ಪೋಡಿ, ಎಣ್ಣೆಯ ಲೆಕ್ಕ ಮತ್ತು ಅರ್ಧ ಚಮಚ ಉಪ್ಪು

ಬದನೆಕಾಯಿಯಷ್ಟು ಎಣ್ಣೆ ಕುಡಿಯುವ ತರಕಾರಿ ಇನ್ನೊಂದಿಲ್ಲ ಮಾರಾಯ್ರೇ. ಕಾವಲಿಗೆ ಎಣ್ಣೆ ಹಾಕಿ, ಹೋಳು ಜೋಡಿಸಿ, ಫೋನ್ ಬಂತು ಅಂತ ಆಚೆ ಹೋಗಿ ಬರುವಷ್ಟರಲ್ಲಿ ಕಾವಲಿ ಒಣಗಿರುತ್ತದೆ. ಅಯ್ಯೋ ಅಂತ ಇನ್ನೊಂದು ಚಮಚ ಹಾಕಿದರೆ ಅದೂ ಮಾಯ. ಬೇರೆ ತರಕಾರಿಯವರು ಎಣ್ಣೆಯಲ್ಲಿ ಬೇಯುತ್ತಾರೆ, ಇವನು ಎಣ್ಣೆಯನ್ನೇ ಊಟ ಮಾಡುತ್ತಾನೆ :)

ತುರ್ಕಿಯಲ್ಲಿ ಬದನೆಯ ಒಂದು ಅಡುಗೆ ಉಂಟು, ಅದರ ಹೆಸರು ಇಮಾಮ್ ಬಯಿಲ್ದಿ. ಅಂದರೆ 'ಇಮಾಮರು ಮೂರ್ಛೆ ಹೋದರು' ಅಂತ ಅರ್ಥ. ಯಾಕೆ ಮೂರ್ಛೆ ಹೋದರು ಅನ್ನುವುದಕ್ಕೆ ಎರಡು ಮೂರು ಕತೆ ಇವೆ. ಅದರಲ್ಲಿ ಒಂದು, ಹೆಂಡತಿ ಅದಕ್ಕೆ ಸುರಿದ ಆಲಿವ್ ಎಣ್ಣೆಯ ಲೆಕ್ಕ ಕೇಳಿ ಅಂತ! ಎಲ್ಲಿ ಹೋದರೂ ಬದನೆಯ ಬುದ್ಧಿ ಒಂದೇ ಅಂತಾಯಿತು.

ನಮ್ಮ ಮನೆಯಲ್ಲಿ ಈ ಎಣ್ಣೆಯ ಲೆಕ್ಕ ತಮಾಷೆಯ ವಿಷಯವಾಗಿ ಉಳಿದಿಲ್ಲ. ನನ್ನ ಮಾವನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಅವರು ಮೂಡಬಿದ್ರೆಯ ಮನೆ ಬಿಟ್ಟು ಬಂಟ್ವಾಳದಲ್ಲಿ ನಮ್ಮ ಜೊತೆಗೇ ಇದ್ದಾರೆ. ಡಾಕ್ಟರು ಹೇಳಿದ ಲೆಕ್ಕ ಸುಲಭ: ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಎಣ್ಣೆ. ಅಂದರೆ ದಿನಕ್ಕೆ ಸುಮಾರು 16 ಎಂ.ಎಲ್., ಒಂದು ದೊಡ್ಡ ಚಮಚಕ್ಕಿಂತ ಒಂಚೂರು ಜಾಸ್ತಿ. ದೋಸೆ, ಒಗ್ಗರಣೆ, ಪಲ್ಯ ಎಲ್ಲ ಅದರಲ್ಲೇ ಆಗಬೇಕು. ಬಿ.ಪಿ. ಇರುವುದರಿಂದ ಉಪ್ಪೂ ಕಡಿಮೆ. ಮಾವ ಎಲ್ಲದಕ್ಕೂ ಹೂಂ ಅಂದರು. ಮೀನು ಹುರಿದದ್ದು ಬಿಟ್ಟರು, ಹಪ್ಪಳ ಬಿಟ್ಟರು. ಬದನೆ ಪೋಡಿ ಮಾತ್ರ ಬಿಡಲಿಕ್ಕೆ ಆಗಲಿಲ್ಲ. ವಾರಕ್ಕೊಮ್ಮೆ ಎರಡು ಹೋಳಾದರೂ ಬೇಕು. ಎಪ್ಪತ್ತೈದು ದಾಟಿದ ಮನುಷ್ಯ ಎರಡು ಹೋಳು ಪೋಡಿ ಕೇಳುವಾಗ ಇಲ್ಲ ಅನ್ನುವುದಕ್ಕೆ ನಾಲಗೆ ಏಳುವುದಿಲ್ಲ. ಹಾಗಾಗಿ ಬದನೆ ಯಾಕೆ ಇಷ್ಟು ಎಣ್ಣೆ ಕುಡಿಯುತ್ತದೆ, ಮೊದಲೇ ಉಪ್ಪು ಹಚ್ಚಿದರೆ ಕಡಿಮೆಯಾಗುತ್ತದೆ ಅನ್ನುವುದು ನಿಜವೋ ಅಂತ ಸ್ವಲ್ಪ ಹಿಂದೆ ಬಿದ್ದೆ.

ನನಗೆ ಗೊತ್ತಿದ್ದದ್ದೇ ಮೂರು ಊರಿನ ಮೂರು ಕ್ರಮ. ಬೆಳ್ತಂಗಡಿ ಕಡೆ ನನ್ನ ತವರಿನಲ್ಲಿ ಬದನೆ ಹೆಚ್ಚಿದ ಕೂಡಲೇ ಉಪ್ಪು ಹಾಕಿದ ನೀರಿಗೆ ಬಿಡುತ್ತಾರೆ. 'ಕಪ್ಪಾಗುವುದಿಲ್ಲ, ಎಣ್ಣೆಯೂ ಎಳೆಯುವುದಿಲ್ಲ' ಅಂತ ಅಮ್ಮನ ಮಾತು. ಮೂಡಬಿದ್ರೆಯ ಅತ್ತೆಯದ್ದು ಕಡಲೆಹಿಟ್ಟಿನಲ್ಲಿ ಮುಳುಗಿಸಿ ಬಾಣಲೆಗೆ ಬಿಡುವ ಪೋಡಿ, ಘಟ್ಟದ ಮೇಲಿನವರು ಬಜ್ಜಿ ಅನ್ನುತ್ತಾರಲ್ಲ ಅದೇ. ಇನ್ನು ಬಂಟ್ವಾಳದಲ್ಲಿ ನಮ್ಮ ಪಕ್ಕದ ಮನೆಯ ಕೊಂಕಣಿ ಮಾಮಿಯದ್ದು ಬೇರೆ. ಕೊಂಕಣಿಯಲ್ಲಿ ಫೋಡಿ ಅಂದರೆ ಹೋಳು. ಅವರು ಹೋಳಿಗೆ ಉಪ್ಪು, ಮೆಣಸಿನಪುಡಿ, ಇಂಗು ಹಚ್ಚಿ ಇಟ್ಟು, ಆಮೇಲೆ ಅಕ್ಕಿ ಹಿಟ್ಟಿನಲ್ಲೋ ರವೆಯಲ್ಲೋ ಹೊರಳಿಸಿ ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಕಾಯಿಸುತ್ತಾರೆ. ಮಾವ ಈಗ ಕೇಳುವುದು ಇದನ್ನೇ.

ಮೊದಲು ಯಾಕೆ ಕುಡಿಯುತ್ತದೆ ಅಂತ ನೋಡೋಣ. ಬದನೆಯ ಒಳಗಿನ ತಿರುಳು ಸ್ಪಂಜಿನ ಹಾಗೆ. ಅದರ ಜೀವಕೋಶಗಳ ನಡುವೆ ಸಣ್ಣ ಸಣ್ಣ ಗಾಳಿಯ ಸಂದುಗಳು ತುಂಬಿರುತ್ತವೆ. ಹೆಚ್ಚಿದ ಹೋಳನ್ನು ನೀರಿಗೆ ಹಾಕಿದರೆ ತೇಲುವುದು ಅದಕ್ಕೇ. ಆಲೂಗಡ್ಡೆ ಹೋಳು ಹಾಕಿ ನೋಡಿ, ಮುಳುಗುತ್ತದೆ. ಬಿಸಿ ಎಣ್ಣೆ ಈ ಸಂದುಗಳಿಗೆ ಸಿಕ್ಕಿದ ಕೂಡಲೇ, ಬತ್ತಿ ಎಣ್ಣೆ ಎಳೆದ ಹಾಗೆ ಒಳಗೆ ಹೋಗುತ್ತದೆ. ಆಮೇಲೆ ಹೋಳು ಬೆಂದು ಕೋಶಗಳು ಮೆತ್ತಗಾದಾಗ ಗೋಡೆಗಳು ಕುಸಿದು ಸಂದುಗಳು ಮುಚ್ಚುತ್ತವೆ. ಆಗ ಒಳಗೆ ಹೋದ ಎಣ್ಣೆ ಸ್ವಲ್ಪ ಹೊರಗೂ ಬರುತ್ತದೆ. ಎಣ್ಣೆಗಾಯಿ ಮಾಡುವವರು 'ಎಣ್ಣೆ ಬಿಡುವವರೆಗೆ ಬೇಯಿಸಿ' ಅಂತ ಹೇಳುವುದು ಇದನ್ನೂ ನೋಡಿಯೇ.

ಅಂದರೆ ಬದನೆ ಕುಡಿಯುವುದು ಬೇಯುವ ಮೊದಲು. ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ತನ್ನಿಂತಾನೇ ಬಿಡಿಸಿಕೊಳ್ಳುತ್ತದೆ. ಎಣ್ಣೆ ಮುಟ್ಟುವ ಮೊದಲೇ ಆ ಗಾಳಿಯ ಸಂದುಗಳನ್ನು ಕುಸಿಯುವಂತೆ ಮಾಡಬೇಕು. ಅದಕ್ಕೆ ಎರಡು ದಾರಿ. ಒಂದು ಹಬೆ, ಇನ್ನೊಂದು ಉಪ್ಪು. ಉಪ್ಪು ಹಚ್ಚಿದಾಗ ಕೋಶಗಳ ಒಳಗಿನ ನೀರು ಹೊರಗೆ ಬರುತ್ತದೆ, ಉಪ್ಪಿನಕಾಯಿಗೆ ಮಾವಿನ ಹೋಳು ನೀರು ಬಿಟ್ಟು ಬಾಡುವ ಹಾಗೆಯೇ. ಬಾಡಿದ ಹೋಳನ್ನು ಒತ್ತಿದರೆ ಸಂದುಗಳು ಮುಚ್ಚಿಕೊಳ್ಳುತ್ತವೆ, ಉಳಿದವಕ್ಕೆ ಆ ನೀರೇ ತುಂಬುತ್ತದೆ. ಎಣ್ಣೆಗೆ ಜಾಗ ಕಡಿಮೆ.

ಒಂದು ಭಾನುವಾರ ಮಾವನನ್ನೇ ಎದುರು ಕೂರಿಸಿಕೊಂಡು ಅಳೆದು ನೋಡಿದೆ. ಉದ್ದದ ನೇರಳೆ ಬದನೆ, ಕಿರುಬೆರಳಿನ ದಪ್ಪದ ಹೋಳು, ಒಂದೊಂದು ಸಲಕ್ಕೆ 200 ಗ್ರಾಂ. ಪ್ರತಿ ಸಲವೂ ಅದೇ ಕಾವಲಿ, ಮೂರು ದೊಡ್ಡ ಚಮಚ ತೆಂಗಿನೆಣ್ಣೆ, ಹಿಟ್ಟು ಗಿಟ್ಟು ಏನೂ ಇಲ್ಲ. ಕಾದ ಮೇಲೆ ಕಾವಲಿಯಲ್ಲಿ ಎಷ್ಟು ಎಣ್ಣೆ ಉಳಿಯಿತು ಅಂತ ಬಗ್ಗಿಸಿ ಚಮಚದಲ್ಲಿ ಅಳೆಯುವುದು. ಇದು ಅಡುಗೆಮನೆಯ ಲೆಕ್ಕ, ಪ್ರಯೋಗಶಾಲೆಯದ್ದಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು.

ಏನೂ ಮಾಡದ ಹೋಳು ಮೂರು ಚಮಚವನ್ನೂ ಕುಡಿದು ಕಾವಲಿ ಒಣಗಿಸಿತು. ಅಮ್ಮನ ಕ್ರಮದಂತೆ ಕಾಲು ಗಂಟೆ ಉಪ್ಪು ನೀರಲ್ಲಿ ತೇಲಿ, ಒರೆಸಿಕೊಂಡು ಬಂದ ಹೋಳುಗಳು ಸುಮಾರು ಅರ್ಧ ಚಮಚ ಉಳಿಸಿದವು, ಜೊತೆಗೆ ಚಟಪಟ ಅಂತ ಒಲೆಯ ಸುತ್ತ ಎಣ್ಣೆ ಹಾರಿಸಿದವು. ಅರ್ಧ ಸಣ್ಣ ಚಮಚ ಪುಡಿ ಉಪ್ಪು ಹಚ್ಚಿ 40 ನಿಮಿಷ ಇಟ್ಟ ಹೋಳುಗಳಿಂದ ತಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ಚಮಚ ಕಂದು ನೀರು ಇಳಿದಿತ್ತು. ಅವನ್ನು ಒತ್ತಿ ಕಾಯಿಸಿದಾಗ ಒಂದೂವರೆ ದೊಡ್ಡ ಚಮಚ ಎಣ್ಣೆ ಕಾವಲಿಯಲ್ಲೇ ಉಳಿಯಿತು. ಸರಿ ಅರ್ಧ! ಕೊನೆಯದ್ದು ಐದು ನಿಮಿಷ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು ಆರಿಸಿದ್ದು. ಅದು ಇನ್ನೂ ಕಡಿಮೆ ಕುಡಿಯಿತು, ಎರಡು ಚಮಚದ ಹತ್ತಿರ ಉಳಿಯಿತು. ಆದರೆ ಮಗುಚುವಾಗ ಹೋಳು ಮುರಿದು ಮುದ್ದೆ. ಮಾವ ಅದನ್ನು ಬಾಯಿಗೆ ಹಾಕಿ, 'ಇದು ಪೋಡಿ ಅಲ್ಲ, ಆಸ್ಪತ್ರೆ ಊಟ' ಅಂದರು. ಅಲ್ಲಿಗೆ ಹಬೆಯ ಕತೆ ಮುಗಿಯಿತು. ಗೊಜ್ಜಿಗೋ ಪಲ್ಯಕ್ಕೋ ಹಬೆ ಒಳ್ಳೆಯದೇ, ಗರಿಗರಿ ಬೇಕಾದ ಕಡೆ ಅಲ್ಲ.

ಹಾಗಾದರೆ ಅಮ್ಮನ ಉಪ್ಪು ನೀರು ದಂಡವಾ? ದಂಡ ಅಲ್ಲ, ಅದರ ಕೆಲಸ ಬೇರೆ. ಹೆಚ್ಚಿದ ಬದನೆ ಗಾಳಿ ತಾಗಿ ಕಪ್ಪಾಗುವುದನ್ನು ಅದು ತಡೆಯುತ್ತದೆ. ಹುಳಿಗೆ, ಪಲ್ಯಕ್ಕೆ ಹೆಚ್ಚುವಾಗ ಅದು ಬೇಕೇ ಬೇಕು. ಆದರೆ ಎಣ್ಣೆಯ ವಿಷಯಕ್ಕೆ ಬಂದರೆ ನೀರಲ್ಲಿ ಕರಗಿದ ಉಪ್ಪು ತೆಳು, ಹೋಳು ತೇಲುತ್ತಿರುತ್ತದೆ, ಕಾಲು ಗಂಟೆಯಲ್ಲಿ ತಿರುಳು ಬಾಡುವುದಿಲ್ಲ. ಬಾಡದಿದ್ದರೆ ಸ್ಪಂಜು ಸ್ಪಂಜಾಗಿಯೇ ಇರುತ್ತದೆ. ಬಾಡಬೇಕಾದರೆ ಒಣ ಉಪ್ಪನ್ನೇ ಹೋಳಿಗೆ ಹಚ್ಚಬೇಕು.

ಇನ್ನೊಂದು ನಂಬಿಕೆ, ಉಪ್ಪು ಹಚ್ಚಿದರೆ ಕಹಿ ನೀರು ಇಳಿದು ಹೋಗುತ್ತದೆ ಅನ್ನುವುದು. ಇಳಿಯುವ ನೀರು ಕಂದಾಗಿ ಇರುವುದರಿಂದ ಕಹಿಯೇ ಬಂತು ಅಂತ ಅನಿಸುತ್ತದೆ. ಆ ಬಣ್ಣ ಬರುವುದು ಹೆಚ್ಚಿದ ಬದನೆ ಕಪ್ಪಾಗುವ ಕಾರಣದಿಂದಲೇ. ಉಪ್ಪಿಗೆ ನಾಲಗೆಯ ಮೇಲೆ ಕಹಿಯನ್ನು ಮಂಕು ಮಾಡುವ ಗುಣ ಉಂಟು. ಕಹಿ ಕಡಿಮೆಯಾದ ಹಾಗೆ ಅನಿಸುವುದು ಹೆಚ್ಚಾಗಿ ಅದರಿಂದ. ಬದನೆ ಬಲಿತು ಬೀಜ ಕಂದಾಗಿದ್ದರೆ ಎಷ್ಟು ಉಪ್ಪು ಹಚ್ಚಿದರೂ ಕಹಿ ಕಹಿಯೇ. ಅದಕ್ಕೆ ಉಪಾಯ ಅಡುಗೆಮನೆಯಲ್ಲಿ ಇಲ್ಲ, ಅಂಗಡಿಯಲ್ಲಿ ಉಂಟು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಹಗುರ ಅನಿಸಿದರೆ ಒಳಗೆ ಸ್ಪಂಜು ಜಾಸ್ತಿ, ಎಣ್ಣೆಯೂ ಜಾಸ್ತಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ತಗ್ಗು ವಾಪಸ್ ಮೇಲೆ ಬರಬೇಕು. ನಮ್ಮ ಕಡೆ ಗುಳ್ಳಕ್ಕೆ ಹೆಸರಾದದ್ದು ಉಡುಪಿ ಜಿಲ್ಲೆಯ ಮಟ್ಟು, ಆ ಮಟ್ಟುಗುಳ್ಳಕ್ಕೆ 2011ರಲ್ಲಿ ಜಿ.ಐ. ಗುರುತು ಸಿಕ್ಕಿದೆ. ಅದರಲ್ಲಿ ಕಹಿ ಕಡಿಮೆ, ಸಿಪ್ಪೆ ತೆಳು. ಎಳೆಯ ಗುಳ್ಳ ಸಿಕ್ಕಿದರೆ ಪೋಡಿಗೆ ಬಹಳ ಒಳ್ಳೆಯದು.

ಈಗ ಗೋಜಲಿನ ವಿಷಯ. ಎಣ್ಣೆ ಉಳಿಸಲಿಕ್ಕೆ ಹೋಗಿ ಉಪ್ಪು ಜಾಸ್ತಿ ತಿನ್ನಿಸಿದರೆ ಬಿ.ಪಿ.ಯವರಿಗೆ ಏನು ಬಂತು ಲಾಭ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಹೆಚ್ಚೆಂದರೆ ಒಂದು ಸಣ್ಣ ಚಮಚ. ಪುಸ್ತಕದಲ್ಲಿ, ಯೂಟ್ಯೂಬಿನಲ್ಲಿ ಕೆಲವರು ಹೋಳಿನ ಮೇಲೆ ಉಪ್ಪು ಧಾರಾಳ ಚೆಲ್ಲಿ ಆಮೇಲೆ ತೊಳೆಯಿರಿ ಅನ್ನುತ್ತಾರೆ. ತೊಳೆದರೆ ಮೇಲಿನ ಉಪ್ಪು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಮೇಲಾಗಿ ಹೋಳು ಪುನಃ ಒದ್ದೆ.

ಇದಕ್ಕೆ ಉತ್ತರ ಪಕ್ಕದ ಮನೆಯಲ್ಲೇ ಇತ್ತು. ಮಾಮಿ ಪೋಡಿಗೆ ಎಷ್ಟು ಉಪ್ಪು ಬೇಕೋ ಅಷ್ಟನ್ನೇ ಮೊದಲು ಹಚ್ಚುತ್ತಾರೆ. ಆಮೇಲೆ ಹಿಟ್ಟಿಗೆ ಉಪ್ಪಿಲ್ಲ. ಅಂದರೆ ಉಪ್ಪಿನ ಪ್ರಮಾಣ ಜಾಸ್ತಿ ಆಗಲಿಲ್ಲ, ಹಾಕುವ ಹೊತ್ತು ಮಾತ್ರ ಹಿಂದೆ ಹೋಯಿತು. ಯಾಕೆ ಮಾಮಿ ಹೀಗೆ ಅಂತ ಕೇಳಿದ್ದಕ್ಕೆ, 'ನಮ್ಮ ಅಮ್ಮ ಹೀಗೆ ಮಾಡ್ತಿದ್ರು, ಉಪ್ಪು ಖಾರ ಹಿಡೀಲಿಕ್ಕೆ' ಅಂದರು. ಎಣ್ಣೆ ಉಳಿಯುವುದು ಅವರ ಲೆಕ್ಕದಲ್ಲೇ ಇರಲಿಲ್ಲ!

ನಾಲ್ಕು ಜನರ ನಮ್ಮ ಮನೆಗೆ ಲೆಕ್ಕ ಹಾಕಿ ನೋಡಿ. 200 ಗ್ರಾಂ ಬದನೆಗೆ ಅರ್ಧ ಸಣ್ಣ ಚಮಚ ಉಪ್ಪು ಸುಮಾರು 3 ಗ್ರಾಂ. ಸ್ವಲ್ಪ ನೀರಿನ ಜೊತೆ ಹೋಗುತ್ತದೆ. ಉಳಿದದ್ದನ್ನು ಹಂಚಿದರೆ ಒಬ್ಬರಿಗೆ ಮುಕ್ಕಾಲು ಗ್ರಾಂಗಿಂತ ಕಡಿಮೆ. ಎಣ್ಣೆ ನೋಡಿದರೆ, ಉಪ್ಪು ಹಚ್ಚದ ಹೋಳಿನಲ್ಲಿ ಒಬ್ಬರ ಪಾಲಿಗೆ 11 ಎಂ.ಎಲ್., ದಿನದ ರೇಶನ್ನಿನ ಮುಕ್ಕಾಲು ಭಾಗದ ಹತ್ತಿರ ಪೋಡಿಗೇ ಹೋಯಿತು. ಹಚ್ಚಿದ್ದರಲ್ಲಿ ಐದೂವರೆ ಎಂ.ಎಲ್. ಆಗ ಒಗ್ಗರಣೆಗೂ ದೋಸೆಗೂ ಜಾಗ ಉಳಿಯುತ್ತದೆ. ಮಾವನ ಎರಡು ಹೋಳು ಈ ಲೆಕ್ಕದಲ್ಲಿ ಆರಾಮವಾಗಿ ಕೂರುತ್ತದೆ.

ಈಗ ಮಾಡುವ ಕ್ರಮ ಪೂರ್ತಿ ಹೇಳುತ್ತೇನೆ. ಹೋಳು ಕಿರುಬೆರಳ ದಪ್ಪ ಇರಲಿ. ತೀರ ತೆಳು ಆದರೆ ಬಾಡಿ ಚಿಂದಿಯಾಗುತ್ತದೆ. ಉಪ್ಪು ಪುಡಿಯದ್ದೇ ಆಗಬೇಕು. ಕಲ್ಲುಪ್ಪು ಇಷ್ಟು ಸ್ವಲ್ಪ ಹಾಕಿದರೆ ಎಲ್ಲ ಕಡೆ ಹರಡುವುದಿಲ್ಲ, ಒಂದು ಹೋಳು ಉಪ್ಪು, ಇನ್ನೊಂದು ಸಪ್ಪೆ. ಎರಡೂ ಬದಿಗೆ ತಿಕ್ಕಿ, ತೂತಿನ ತಟ್ಟೆಯಲ್ಲೋ ಓರೆಯಾಗಿಟ್ಟ ತಟ್ಟೆಯಲ್ಲೋ 40 ನಿಮಿಷ ಇಡಿ. ಆಯಿತಾ ಅಂತ ಗೊತ್ತಾಗುವುದು ಗಡಿಯಾರದಿಂದ ಅಲ್ಲ, ಹೋಳಿನಿಂದ. ಎರಡು ಬೆರಳಲ್ಲಿ ಬಗ್ಗಿಸಿದರೆ ಮುರಿಯದೆ ಬಾಗಬೇಕು, ಬೆರಳಿನಿಂದ ಒತ್ತಿದ ತಗ್ಗು ಹಾಗೇ ಉಳಿಯಬೇಕು. ಪುಟಿದು ವಾಪಸ್ ಬಂದರೆ ಇನ್ನೂ ಹತ್ತು ನಿಮಿಷ. ಆಮೇಲೆ ತೊಳೆದ ಬೈರಾಸಿನ ನಡುವೆ ಇಟ್ಟು ಅಂಗೈಯಿಂದ ಚೆನ್ನಾಗಿ ಒತ್ತಿ. ಈ ಒತ್ತುವುದನ್ನು ಬಿಟ್ಟರೆ ಅರ್ಧ ಕೆಲಸ ವ್ಯರ್ಥ, ಯಾಕೆಂದರೆ ಗಾಳಿ ಹೋಗುವುದೇ ಒತ್ತಿದಾಗ.

ಒತ್ತಿದ ಮೇಲೆ ಮೆಣಸಿನಪುಡಿ, ಅರಸಿನ, ಇಂಗಿನ ನೀರು ಸವರಿ. ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟಿಗೆ ಒಂದು ಚಮಚ ಚಿರೋಟಿ ರವೆ ಬೆರೆಸಿ ಇಟ್ಟುಕೊಳ್ಳಿ. ಕಾವಲಿ ಕಾದ ಮೇಲೆಯೇ ಹೋಳನ್ನು ಅದರಲ್ಲಿ ಹೊರಳಿಸಿ, ಜಾಸ್ತಿ ಹಿಟ್ಟು ಕೊಡವಿ ಕಾವಲಿಗೆ ಇಡಿ. ಮೊದಲೇ ಹೊರಳಿಸಿಟ್ಟರೆ ಹಿಟ್ಟು ಒದ್ದೆಯಾಗಿ ಅಂಟು ಅಂಟಾಗುತ್ತದೆ, ಅದು ಗರಿಯಾಗಲಿಕ್ಕೆ ಹೊತ್ತು ಬೇಕು, ಅಷ್ಟು ಹೊತ್ತು ಎಣ್ಣೆ ಎಳೆಯುತ್ತಲೇ ಇರುತ್ತದೆ. ದಪ್ಪ ರವೆಯೂ ಬೇಡ, ಅದರ ಸಂದಿನಲ್ಲೇ ಎಣ್ಣೆ ನಿಲ್ಲುತ್ತದೆ.

ಎಣ್ಣೆಯನ್ನು ಕಾವಲಿಗೆ ಸುರಿಯುವ ಬದಲು ಒಂದು ಚಮಚ ಹಾಕಿ ಹರಡಿ, ಉಳಿದರ್ಧ ಚಮಚವನ್ನು ಮಗುಚುವ ಮೊದಲು ಹೋಳಿನ ಮೇಲ್ಬದಿಗೆ ಬೆರಳಲ್ಲೋ ಬ್ರಷ್‌ನಲ್ಲೋ ಸವರಿ. ಯಾಕೆಂದರೆ ಸುರಿದರೆ ಮೊದಲು ಇಟ್ಟ ಎರಡು ಹೋಳೇ ಎಲ್ಲರ ಪಾಲನ್ನೂ ಕುಡಿದು ಬಿಡುತ್ತವೆ. ಬೆಂಕಿ ಮಧ್ಯಮ. ಹೋಳು ಇಟ್ಟಾಗ ಸುಯ್ ಅನ್ನಬೇಕು. ಸದ್ದಿಲ್ಲದಿದ್ದರೆ ಎಣ್ಣೆ ಕಾದಿಲ್ಲ, ಹೊಗೆ ಬಂದರೆ ಜಾಸ್ತಿ ಕಾದಿದೆ. ಮೊದಲ ಮೂರು ನಿಮಿಷ ಮುಚ್ಚಳ ಮುಚ್ಚಿ, ಆಗ ಹೋಳು ತನ್ನದೇ ಹಬೆಯಲ್ಲಿ ಬೇಯುತ್ತದೆ. ನಡುವೆ ಕಾವಲಿ ಒಣಗಿದ ಹಾಗೆ ಕಂಡೀತು. ಅಲ್ಲಿ ಕೈ ಕಟ್ಟಿಕೊಂಡು ನಿಲ್ಲುವುದೇ ದೊಡ್ಡ ವಿದ್ಯೆ :) ಹೋಳು ಮೆತ್ತಗಾದ ಮೇಲೆ ಅಂಚಿನಲ್ಲಿ ಎಣ್ಣೆ ಮಿನುಗುವುದು ಕಾಣುತ್ತದೆ. ಆಗ ಮುಚ್ಚಳ ತೆಗೆದು, ಮಗುಚಿ, ಎರಡೂ ಬದಿ ಗರಿಯಾಗುವವರೆಗೆ ಬಿಡಿ.

ತೆಗೆಯುವಾಗಲೂ ಒಂದು ವಿಷಯ ಉಂಟು. ಹೋಳು ಬಿಸಿ ಇರುವಾಗ ಒಳಗಿನ ಹಬೆ ಹೊರಗೆ ನುಗ್ಗುತ್ತಾ ಎಣ್ಣೆಯನ್ನು ತಡೆಯುತ್ತದೆ. ಒಲೆಯಿಂದ ಇಳಿಸಿದ ಮೇಲೆ ಹಬೆ ತಣಿದು, ಮೈಗೆ ಅಂಟಿದ ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಒಲೆ ಆರಿಸಿ ಕಾವಲಿಯಲ್ಲೇ ಬಿಡಬೇಡಿ. ತೆಗೆದ ಕೂಡಲೇ ತೂತಿನ ತಟ್ಟೆಯಲ್ಲಿ ಓರೆಯಾಗಿ ನಿಲ್ಲಿಸಿ, ಒಂದರ ಮೇಲೊಂದು ಪೇರಿಸದೆ.

ಅತ್ತೆಯ ಕಡಲೆಹಿಟ್ಟಿನ ಪೋಡಿಗೆ ಮಾತ್ರ ಈ ಉಪ್ಪಿನ ಉಪಚಾರ ಬೇಡ. ಅಲ್ಲಿ ಹೋಳಿಗೆ ಹಿಟ್ಟೇ ಕವಚ, ಬದನೆ ಒಳಗೆ ಹಬೆಯಲ್ಲಿ ಬೇಯುತ್ತದೆ. ಎಣ್ಣೆ ಕುಡಿಯುವುದು ಹಿಟ್ಟು. ಉಪ್ಪು ಹಚ್ಚಿದ ಹೋಳು ನೀರು ಬಿಟ್ಟು ಹಿಟ್ಟನ್ನು ಜಾರಿಸಿಬಿಡುತ್ತದೆ. ಅದಕ್ಕೆ ಹೋಳು ತೆಳು ಮಾಡಿ, ಹಿಟ್ಟಿಗೆ ಒಂದಿಷ್ಟು ಅಕ್ಕಿ ಹಿಟ್ಟು ಸೇರಿಸಿ, ಸೋಡಾ ಬಿಟ್ಟುಬಿಡಿ. ಸೋಡಾ ಹಾಕಿದರೆ ಪೋಡಿ ಉಬ್ಬುತ್ತದೆ ನಿಜ, ಉಬ್ಬಿದ ತೂತಿನಲ್ಲಿ ಎಣ್ಣೆಯೂ ತುಂಬುತ್ತದೆ. ಆದರೂ ಬಾಣಲೆಯ ಪೋಡಿ ಬಾಣಲೆಯದ್ದೇ. ನಮ್ಮಲ್ಲಿ ಅದು ಈಗ ಚೌತಿಗೆ, ದೀಪಾವಳಿಗೆ ಮಾತ್ರ.

ಉಪ್ಪು ಮೊದಲು ಹಚ್ಚಿದರೆ ನಿಜವಾಗಿ ಉಪಯೋಗ ಉಂಟಾ ಅಂತ ಕೇಳಿದರೆ ಈಗ ನನ್ನ ಉತ್ತರ ಇಷ್ಟು: ಕಾವಲಿಯ ಪೋಡಿಗೆ ಉಂಟು, ಒಣ ಉಪ್ಪಾದರೆ ಉಂಟು, ಬಾಡುವವರೆಗೆ ಕಾದು ಒತ್ತಿದರೆ ಉಂಟು. ಕಹಿಗಲ್ಲ, ಗಾಳಿಗೆ. ನಲವತ್ತು ನಿಮಿಷ ಕಾಯಲು ಪುರುಸೊತ್ತಿಲ್ಲದ ದಿನ ಗಾತ್ರಕ್ಕೆ ಭಾರವಿರುವ ಎಳೆ ಬದನೆ ತಂದು, ಎಣ್ಣೆ ಸವರಿ, ಮುಚ್ಚಳ ಮುಚ್ಚಿ ಕಾಯಿಸಿ. ಅಷ್ಟರಿಂದಲೂ ಒಂದಿಷ್ಟು ಉಳಿಯುತ್ತದೆ.

ನಿಮ್ಮ ಮನೆಗಳಲ್ಲಿ ಬದನೆಯ ಬಾಯಿ ಕಟ್ಟಲಿಕ್ಕೆ ಬೇರೆ ಉಪಾಯ ಇದ್ದರೆ ತಿಳಿಸಿ. ಘಟ್ಟದ ಮೇಲಿನ ಎಣ್ಣೆಗಾಯಿಯವರು ಮಾತ್ರ ಬೇಜಾರು ಮಾಡಿಕೊಳ್ಳಬೇಡಿ, ಹೆಸರಲ್ಲೇ ಎಣ್ಣೆ ಇಟ್ಟುಕೊಂಡವರ ಜೊತೆ ನಾನು ವಾದಕ್ಕೆ ಬರುವುದಿಲ್ಲ!